ಲೆಹೆಂಗಾ ಕೊಳ್ಳುವ ಮೊದಲು ಒಳಮಗ್ಗುಲು ನೋಡಿ

ಅತ್ತಿಬೆಲೆಯ ಕಡೆ ಮದುವೆಗಳಲ್ಲಿ ಮುಹೂರ್ತಕ್ಕೆ ರೇಷ್ಮೆ ಸೀರೆ, ಹಿಂದಿನ ಸಂಜೆಯ ಆರತಕ್ಷತೆಗೆ ಲೆಹೆಂಗಾ ಎನ್ನುವುದು ಈಗ ಮಾಮೂಲಾಗಿದೆ. ಖರೀದಿಗೆ ಕೆಲವರು ಗಡಿ ದಾಟಿ ಹೊಸೂರಿಗೆ ಹೋಗುತ್ತಾರೆ, ಇನ್ನು ಕೆಲವರು ಚಿಕ್ಕಪೇಟೆಗೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಬೊಮ್ಮಸಂದ್ರದಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡು ನೇರವಾಗಿ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿಯಬಹುದು. ತರುವುದು ಹೆಚ್ಚಾಗಿ ಸೆಮಿ ಸ್ಟಿಚ್ಡ್ ಸೆಟ್ಟು: ಅರ್ಧ ಹೊಲಿದ ಲೆಹೆಂಗಾ, ಹೊಲಿಯದ ಬ್ಲೌಸ್ ಪೀಸು, ಒಂದು ದುಪಟ್ಟಾ. ಉಳಿದದ್ದನ್ನು ಊರಿನ ಟೈಲರ್ ಮುಗಿಸಿಕೊಡಬೇಕು. ಬೇಸರ ಶುರುವಾಗುವುದು ಅಲ್ಲಿಂದಲೇ. ಅಂಗಡಿಯ ಗೊಂಬೆಯ ಮೇಲೆ ಛತ್ರಿಯಂತೆ ಅರಳಿದ್ದ ಬಟ್ಟೆ ಮನೆಯಲ್ಲಿ ಉಟ್ಟಾಗ ಕಾಲಿಗೆ ಅಂಟಿಕೊಳ್ಳುತ್ತದೆ. ಆಗ ಬೈಗುಳ ತಿನ್ನುವುದು ಟೈಲರ್. ಆದರೆ ಉತ್ತರ ಡಬ್ಬಿಯ ಚೀಟಿಯಲ್ಲೂ ಲೆಹೆಂಗಾದ ಒಳಮಗ್ಗುಲಲ್ಲೂ ಮೊದಲೇ ಇರುತ್ತದೆ. ಅದನ್ನು ಓದುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ.

ಅಂಥ ಒಂದು ಚೀಟಿಯಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ಲೆಹೆಂಗಾ ಜಾರ್ಜೆಟ್, 12 ಕಲಿ, ಸೆಮಿ ಸ್ಟಿಚ್ಡ್, ಸೊಂಟ 42 ಇಂಚಿನವರೆಗೆ, ಉದ್ದ 42 ಇಂಚು, ಫ್ಲೇರ್ 3 ಮೀಟರ್, ಒಳಗೆ ಕ್ರೇಪ್ ಮತ್ತು ಕ್ಯಾನ್‌ಕ್ಯಾನ್, ಬ್ಲೌಸ್ ಬ್ಯಾಂಗ್ಲೋರಿ ಸಿಲ್ಕ್, 0.8 ಮೀಟರ್, ಅನ್‌ಸ್ಟಿಚ್ಡ್. ದುಪಟ್ಟಾ ನೆಟ್, 2.4 ಮೀಟರ್. ಇದರಲ್ಲಿ ಪ್ರತಿಯೊಂದು ಅಂಕಿಗೂ ಅರ್ಥವಿದೆ. ಯಾವುದು ಹೊಲಿಗೆಯಾದ ಮೇಲೂ ಹಾಗೇ ಉಳಿಯುತ್ತದೆ, ಯಾವುದು ಬದಲಾಗುತ್ತದೆ ಎಂದು ತಿಳಿದಿರಬೇಕು.

ಕಲಿ ಎಂದರೆ ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಬಟ್ಟೆಯ ತುಂಡು, ಅಂದರೆ ಪ್ಯಾನೆಲ್. ಇಂಥ 8, 12, 16, 24 ತುಂಡುಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿದರೆ ಸೊಂಟದಲ್ಲಿ ಒಂದು ನೆರಿಗೆಯೂ ಇಲ್ಲದೆ ಕೂತು ಕೆಳಗೆ ಅರಳುವ ಲೆಹೆಂಗಾ ಆಗುತ್ತದೆ. ನಮ್ಮ ಲಂಗದ ಲೆಕ್ಕ ಬೇರೆ. ಲಂಗಕ್ಕೆ ನೇರ ಬಟ್ಟೆಯನ್ನೇ ಸೊಂಟದಲ್ಲಿ ನೆರಿಗೆ ಹಿಡಿದು ಪಟ್ಟಿಗೆ ಸೇರಿಸುತ್ತಾರೆ. ಕೆಳಗೆ ಎಷ್ಟು ಅಗಲವೋ ಮೇಲೂ ಅಷ್ಟೇ ಬಟ್ಟೆ, ಅದೆಲ್ಲವೂ ಸೊಂಟದಲ್ಲೇ ಗುಡ್ಡೆಯಾಗುತ್ತದೆ. ಹಾಗಿದ್ದರೂ ರೇಷ್ಮೆ ಲಂಗವನ್ನು ಕಲಿ ಹಾಕಿ ಹೊಲಿಯದಿರಲು ಕಾರಣವಿದೆ. ನೇಯ್ದ ಜರಿ ಅಂಚು ನೇರವಾಗಿರುತ್ತದೆ. ಕಲಿಯ ತಳ ಬಾಗಿದ ಗೆರೆ. ನೇರ ಅಂಚಿನ ಬಟ್ಟೆಯನ್ನು ಕಲಿಯಾಗಿ ಕತ್ತರಿಸಿದರೆ ಪ್ರತಿ ಜೋಡಣೆಯಲ್ಲೂ ಅಂಚು ಮುರಿದು ಮೂಲೆ ಮೂಲೆಯಾಗಿ ಕಾಣುತ್ತದೆ. ಅಮ್ಮನ ಹಳೇ ಕಂಚಿ ಸೀರೆಯಲ್ಲಿ ಲೆಹೆಂಗಾ ಮಾಡಿಸುವ ಆಸೆ ಇದ್ದರೆ ನೆನಪಿಡಿ, ಅದಕ್ಕೆ ನೆರಿಗೆಯೇ ಸರಿ. ಸೀರೆಯ ಐದೂವರೆ ಮೀಟರ್ ಉದ್ದ ಸುತ್ತಳತೆಯಾಗುತ್ತದೆ, ಪನ್ನ ಎತ್ತರವಾಗುತ್ತದೆ, ಅಂಚು ಕತ್ತರಿ ಕಾಣದೆ ಕೆಳಗೆ ಉಳಿಯುತ್ತದೆ.

ಕಲಿಗಳು ಹೆಚ್ಚಾದಷ್ಟೂ ಲೆಹೆಂಗಾ ಅರಳುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಅದು ನಿಜವಲ್ಲ. ಕೆಳ ಅಂಚಿನ ಒಟ್ಟು ಸುತ್ತಳತೆಯನ್ನು ಘೇರ್ ಅಥವಾ ಫ್ಲೇರ್ ಎನ್ನುತ್ತಾರೆ. ಅದು ಪ್ರತಿ ಕಲಿಯ ತಳದ ಅಗಲವನ್ನು ಕಲಿಗಳ ಸಂಖ್ಯೆಯಿಂದ ಗುಣಿಸಿದಾಗ ಸಿಗುವ ಅಳತೆ. ತಳದಲ್ಲಿ 7 ಇಂಚಿರುವ 16 ಕಲಿಗಳದ್ದು 112 ಇಂಚಿನ ಘೇರ್. 14 ಇಂಚಿರುವ 12 ಕಲಿಗಳದ್ದು 168 ಇಂಚು. ಎರಡನೆಯದರಲ್ಲಿ ಕಲಿ ಕಡಿಮೆ, ಅರಳುವುದು ಹೆಚ್ಚು. ಕಲಿಗಳ ಸಂಖ್ಯೆ ಹೆಚ್ಚಾದರೆ ಸಿಗುವುದು ಬೇರೆಯದು: ಅರಳಿಕೆ ಸುತ್ತಲೂ ಸಮನಾಗಿ ಹಂಚಿಹೋಗುತ್ತದೆ, ಅಲೆಗಳು ಸಣ್ಣದಾಗಿ ಬೀಳುತ್ತವೆ.

ಇನ್ನೊಂದು ಮರೆಮಾಚುವಿಕೆಯನ್ನೂ ಗಮನಿಸಿ. ನೇರ ಬಟ್ಟೆಯ ಮೇಲೆ ಮೇಲಿಂದ ಕೆಳಗೆ ಲೇಸು ಹೊಲಿದು ಅಥವಾ ಕಸೂತಿ ಪಟ್ಟಿ ಹಾಕಿ ‘ಕಲಿ ಲೆಹೆಂಗಾ’ ಎಂದು ಮಾರುವುದುಂಟು. ಹೊರಗಿನಿಂದ ನೋಡಿದರೆ ಗೊತ್ತಾಗದು. ಒಳಮಗ್ಗುಲು ತಿರುಗಿಸಿ. ನಿಜವಾದ ಕಲಿಯಾದರೆ ಪ್ರತಿ ಲೇಸಿನ ಹಿಂದೆ ಎರಡು ಬಟ್ಟೆ ಸೇರಿದ ಜೋಡಣೆ, ಓವರ್‌ಲಾಕ್ ಹಾಕಿದ ಅಂಚು ಕೈಗೆ ಸಿಗುತ್ತದೆ. ಅಲಂಕಾರವಷ್ಟೇ ಆದರೆ ಹಿಂದೆ ಸೂಜಿ ಹೋದ ಗೆರೆ ಮಾತ್ರ. ಅತ್ತಿಬೆಲೆ, ಬೊಮ್ಮಸಂದ್ರ, ಜಿಗಣಿಯ ಗಾರ್ಮೆಂಟ್ಸ್‌ನಲ್ಲಿ ದುಡಿದ ಹೆಣ್ಣುಮಕ್ಕಳು ಜೊತೆಗಿದ್ದರೆ ಬಟ್ಟೆಯನ್ನು ಬೆರಳಲ್ಲಿ ಉಜ್ಜಿಯೇ ಹೇಳಿಬಿಡುತ್ತಾರೆ. ಖರೀದಿಗೆ ಅಂಥವರನ್ನು ಕರೆದುಕೊಂಡು ಹೋಗಿ.

ಈಗ ಒಂದು ಲೆಹೆಂಗಾವನ್ನು ಬಟ್ಟೆಯಿಂದಲೇ ಶುರುಮಾಡಿ ಕತ್ತರಿಸೋಣ. ಹುಡುಗಿಯ ಸೊಂಟ 30 ಇಂಚು, ಉದ್ದ 40 ಇಂಚು ಬೇಕು, 12 ಕಲಿ, ಘೇರ್ 168 ಇಂಚು, ಅಂದರೆ ಸುಮಾರು 4.25 ಮೀಟರ್. ಒಂದು ಕಲಿಯ ಮೇಲ್ಭಾಗಕ್ಕೆ 30ನ್ನು 12ರಿಂದ ಭಾಗಿಸಿದರೆ ಎರಡೂವರೆ ಇಂಚು. ಎರಡೂ ಬದಿಗೆ ಅರ್ಧರ್ಧ ಇಂಚು ಹೊಲಿಗೆಗೆ ಸೇರಿಸಿದರೆ ಮೂರೂವರೆ. ತಳಕ್ಕೆ 168ನ್ನು 12ರಿಂದ ಭಾಗಿಸಿದರೆ 14, ಹೊಲಿಗೆ ಸೇರಿ 15. ಎತ್ತರಕ್ಕೆ ಮಡಚಲು 2 ಇಂಚು ಸೇರಿಸಿ 42. ಬಟ್ಟೆಯ ಪನ್ನ 44 ಇಂಚು. ಒಂದು ಕಲಿಯನ್ನು ನೇರವಾಗಿ, ಪಕ್ಕದ್ದನ್ನು ತಲೆಕೆಳಗಾಗಿ ಇಡುತ್ತಾ ಹೋದರೆ ಇಳಿಜಾರು ಬದಿಗಳು ಒಂದಕ್ಕೊಂದು ಅಂಟಿಕೊಂಡು ನಾಲ್ಕು ಕಲಿಗಳು ಸುಮಾರು 42 ಮುಕ್ಕಾಲು ಇಂಚಿನಲ್ಲಿ ಕೂರುತ್ತವೆ. ಒಂದು ಸಾಲಿಗೆ ನಾಲ್ಕಾದರೆ ಹನ್ನೆರಡಕ್ಕೆ ಮೂರು ಸಾಲು. ಮೂರು ಸಲ 42 ಎಂದರೆ 126 ಇಂಚು, ಅಂದರೆ 3.2 ಮೀಟರ್. ಅಂಗಡಿಯಲ್ಲಿ ಮೂರೂವರೆ ಮೀಟರ್ ಕೇಳಿದರೆ ಸಾಕು.

ಆದರೆ ಬಟ್ಟೆ ವೆಲ್ವೆಟ್ ಆಗಿದ್ದರೆ? ವೆಲ್ವೆಟ್‌ನ ನವಿರುಗೂದಲು ಒಂದೇ ದಿಕ್ಕಿಗೆ ಮಲಗಿರುತ್ತದೆ. ಕಲಿಯನ್ನು ತಲೆಕೆಳಗು ಮಾಡಿದರೆ ಒಂದು ತುಂಡು ಕಡುಗೆಂಪು, ಪಕ್ಕದ ತುಂಡು ತಿಳಿಗೆಂಪು ಎಂಬಂತೆ ಕಾಣುತ್ತದೆ. ಆರತಕ್ಷತೆ ವೇದಿಕೆಯ ಲೈಟಿನ ಕೆಳಗೆ ಅದು ಇನ್ನೂ ಎದ್ದು ಕಾಣುತ್ತದೆ. ಒಂದೇ ಕಡೆಗೆ ತಲೆಯಿರುವ ಹೂಬಳ್ಳಿ, ಆನೆ, ನವಿಲಿನ ಪ್ರಿಂಟಿಗೂ ಇದೇ ಕಷ್ಟ. ಎಲ್ಲ ಕಲಿಗಳನ್ನೂ ಒಂದೇ ದಿಕ್ಕಿಗೆ ಇಡಬೇಕಾದಾಗ 44 ಇಂಚಿನ ಪನ್ನದಲ್ಲಿ 15 ಇಂಚಿನ ತಳದ ಕಲಿ ಎರಡೇ ಹಿಡಿಯುತ್ತವೆ. ಹನ್ನೆರಡಕ್ಕೆ ಆರು ಸಾಲು, 252 ಇಂಚು, 6.4 ಮೀಟರ್. ಅದೇ ಹುಡುಗಿ, ಅದೇ ಘೇರ್, ಬಟ್ಟೆ ಮಾತ್ರ ಸರಿಯಾಗಿ ಎರಡರಷ್ಟು. ಮೂರೂವರೆ ಮೀಟರ್ ವೆಲ್ವೆಟ್ ತಂದುಕೊಟ್ಟು ‘ಇಷ್ಟರಲ್ಲೇ ಮಾಡಿಕೊಡಿ ಅಕ್ಕಾ’ ಎಂದರೆ ಟೈಲರ್ ಅಕ್ಕನಿಗೆ ಎರಡೇ ದಾರಿ: ಘೇರ್ ಕಡಿಮೆ ಮಾಡುವುದು, ಇಲ್ಲವೇ ಬಣ್ಣ ಬೇರೆ ಕಾಣುವಂತೆ ತಿರುವಿ ಇಡುವುದು.

ಕಲಿಯ ಬದಲು ಅಂಬ್ರೆಲಾ ಕಟ್ ಎನ್ನುವುದೂ ಇದೆ. ಅದು ಪೂರ್ಣ ವೃತ್ತ. ಸೊಂಟ 30 ಇಂಚಾದರೆ ನಡುವಿನ ವೃತ್ತದ ತ್ರಿಜ್ಯ 4.8 ಇಂಚು, 40 ಇಂಚು ಉದ್ದ ಸೇರಿಸಿದರೆ ಹೊರ ಅಂಚಿನ ಸುತ್ತಳತೆ ಸುಮಾರು 7 ಮೀಟರ್. ಅರಳುವುದು ಅದ್ಭುತವಾಗಿ ಅರಳುತ್ತದೆ, ಆದರೆ ಬಟ್ಟೆಯ ಎಳೆ ಓರೆಯಾಗಿ ಬರುವ ಕಡೆ ತನ್ನ ಭಾರಕ್ಕೇ ಜಗ್ಗಿ ಅಂಚು ಅಂಕುಡೊಂಕಾಗುತ್ತದೆ. ಕಲಿ ಲೆಹೆಂಗಾದಲ್ಲೂ ಬದಿಗಳು ಓರೆಯೇ ಆದ್ದರಿಂದ ಸ್ವಲ್ಪ ಜಗ್ಗುತ್ತದೆ. ಅದಕ್ಕೆಂದೇ ಸೊಂಟಪಟ್ಟಿ ಹೊಲಿದ ಮೇಲೆ ಒಂದು ರಾತ್ರಿ ಪೂರ್ತಿ ನೇತುಹಾಕಿ, ಮಾರನೆಯ ದಿನ ನೆಲದಿಂದ ಅಳೆದು ಅಂಚು ಸಮ ಮಾಡಿ, ಆಮೇಲೆ ಮಡಚಿ ಹೊಲಿಯಬೇಕು. ಮದುವೆ ಸೀಸನ್ನಿನ ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಈ ಒಂದು ರಾತ್ರಿ. ಒಂದು ಕಡೆ ಚಪ್ಪಲಿ ಕಾಣುತ್ತಾ ಇನ್ನೊಂದು ಕಡೆ ನೆಲ ಗುಡಿಸುವ ಲೆಹೆಂಗಾಗಳ ಹಿಂದಿರುವುದು ಹೆಚ್ಚಾಗಿ ಇದೇ.

ಇನ್ನು ಸೆಮಿ ಸ್ಟಿಚ್ಡ್. ಕಲಿಗಳೆಲ್ಲ ಜೋಡಿಸಿದ್ದು, ಒಂದು ಬದಿ ಮಾತ್ರ ತೆರೆದಿರುತ್ತದೆ; ಸೊಂಟ 42 ಇಂಚಿನವರೆಗೆ ಯಾರಿಗೆ ಬೇಕಾದರೂ ಹೊಂದಿಸಬಹುದು. ಚೀಟಿಯಲ್ಲಿ 3 ಮೀಟರ್ ಎಂದಿರುವ ಫ್ಲೇರ್ ಈ ತೆರೆದ ಸ್ಥಿತಿಯದು, ಅಂದರೆ 118 ಇಂಚು. ನಮ್ಮ ಹುಡುಗಿಯ ಸೊಂಟ 30. ಹೆಚ್ಚಿರುವ 12 ಇಂಚನ್ನು ಎಲ್ಲಿಂದ ತೆಗೆಯುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಸುಲಭದ ದಾರಿ, ತೆರೆದ ಬದಿಯಿಂದ 12 ಇಂಚಿನ ಪಟ್ಟಿಯನ್ನು ಮೇಲಿಂದ ಕೆಳತನಕ ನೇರವಾಗಿ ಕತ್ತರಿಸಿಬಿಡುವುದು. ಅರ್ಧ ಗಂಟೆಯ ಕೆಲಸ. ಆದರೆ ಘೇರ್ 118ರಿಂದ 106ಕ್ಕೆ ಇಳಿಯಿತು, ಆ ಬದಿಯಲ್ಲಿ ಕಸೂತಿಯ ಬಳ್ಳಿ ಅರ್ಧಕ್ಕೆ ತುಂಡಾಯಿತು. ಎರಡನೆಯದು ಸೊಂಟದಲ್ಲಿ ನೆರಿಗೆ ಹಿಡಿಯುವುದು. ಘೇರ್ ಉಳಿಯುತ್ತದೆ, ಹೊಟ್ಟೆಯ ಮೇಲೆ ದಪ್ಪ ಕಾಣುತ್ತದೆ. ಮೂರನೆಯದು ನಿಧಾನದ ಕೆಲಸ: 12 ಜೋಡಣೆಗಳಲ್ಲೂ ಮೇಲ್ತುದಿಯಲ್ಲಿ ಒಂದೊಂದು ಇಂಚು ಒಳಗೆ ಹಿಡಿದು, ಏಳೆಂಟು ಇಂಚು ಕೆಳಗೆ ಬರುವಷ್ಟರಲ್ಲಿ ಹಳೇ ಹೊಲಿಗೆಗೆ ಸೇರಿಸುವುದು. 42 ಇದ್ದದ್ದು 30 ಆಗುತ್ತದೆ, ಕೆಳಗಿನ 118 ಇಂಚಿಗೆ ಕೈಯೇ ಹಾಕಿಲ್ಲ. ಜೋಡಣೆಯ ಹತ್ತಿರ ಕಲ್ಲು, ಮಣಿ ಇದ್ದರೆ ಮೊದಲು ಬಿಡಿಸಬೇಕು, ಇಲ್ಲವಾದರೆ ಮಿಷನ್ ಸೂಜಿ ಮುರಿಯುತ್ತದೆ. ಕೂಲಿ ಜಾಸ್ತಿ ಕೇಳುತ್ತಾರೆ, ಕೊಡಿ. ಲೆಹೆಂಗಾ ಕೊಳ್ಳುವಾಗ ಮಾಡುವ ಖರ್ಚುಗಳಲ್ಲಿ ನನ್ನ ಲೆಕ್ಕಕ್ಕೆ ಅತ್ಯಂತ ಸಾರ್ಥಕವಾದದ್ದು ಇದೇ.

ಅಂಗಡಿಯಲ್ಲಿ ಘೇರ್ ಪರೀಕ್ಷಿಸುವುದು ಕಷ್ಟವಲ್ಲ. ಟೇಪು ಜೊತೆಗಿರಲಿ. ಒಂದು ಕಲಿಯ ತಳವನ್ನು ಜೋಡಣೆಯಿಂದ ಜೋಡಣೆಗೆ ಅಳೆದು, ಕಲಿಗಳನ್ನು ಎಣಿಸಿ ಗುಣಿಸಿ. ಲೆಹೆಂಗಾವನ್ನು ಹರಡಿ ಎರಡು ತುದಿಗಳ ನಡುವೆ ನೇರವಾಗಿ ಟೇಪು ಎಳೆಯಬೇಡಿ. ಅಂಚು ಬಾಗಿರುವುದರಿಂದ ಆ ಅಳತೆ ಕಡಿಮೆ ಬರುತ್ತದೆ.

ಘೇರ್ ಸರಿಯಿದ್ದೂ ಲೆಹೆಂಗಾ ಜೋತುಬೀಳುತ್ತಿದ್ದರೆ ದೋಷ ಒಳಪದರಗಳದ್ದು. ಹೊರಬಟ್ಟೆ, ನಡುವೆ ಕ್ಯಾನ್‌ಕ್ಯಾನ್, ಚರ್ಮಕ್ಕೆ ತಾಗುವಂತೆ ಲೈನಿಂಗ್ — ಕ್ರಮ ಹೀಗಿರಬೇಕು. ಕ್ಯಾನ್‌ಕ್ಯಾನ್ ಎಂದರೆ ಗಡುಸಾದ ನೆಟ್ಟಿನ ಪದರ. ಅದನ್ನು ನೆರಿಗೆ ಹಿಡಿದು ಎರಡು ಮೂರು ಮೆಟ್ಟಿಲುಗಳಾಗಿ ಲೈನಿಂಗಿನ ಹೊರಮೈಗೆ ಹೊಲಿಯುತ್ತಾರೆ. ಸೊಂಟದಿಂದಲೇ ಶುರುಮಾಡಿದರೆ ನಡು ಡೊಳ್ಳಿನಂತಾಗುತ್ತದೆ. ಒಂಬತ್ತು ಹತ್ತು ಇಂಚು ಬಿಟ್ಟು ಪೃಷ್ಠದ ಕೆಳಗಿಂದ ಶುರುವಾಗಬೇಕು. ಕೆಳಗೆ ಅಂಚಿಗಿಂತ ಒಂದೂವರೆ ಎರಡು ಇಂಚು ಮೇಲೆಯೇ ನಿಲ್ಲಬೇಕು, ಇಲ್ಲದಿದ್ದರೆ ನಡೆಯುವಾಗ ಬಿಳಿ ನೆಟ್ಟು ಇಣುಕುತ್ತದೆ. ನೆಟ್ಟಿನ ಕತ್ತರಿಸಿದ ಅಂಚಿಗೆ ಬಟ್ಟೆಯ ಪೈಪಿಂಗ್ ಇದೆಯೇ ನೋಡಿ. ಇಲ್ಲದೆ ಹೋದರೆ ಅದು ಲೈನಿಂಗನ್ನು ತೂರಿಕೊಂಡು ಮೊಣಕಾಲಿನ ಕೆಳಗೆ ಗೀರುತ್ತದೆ. ಮೂರು ಗಂಟೆ ವೇದಿಕೆಯ ಮೇಲೆ ನಿಲ್ಲುವ ಮದುಮಗಳಿಗೆ ಆ ಗೀರು ಸಾಮಾನ್ಯ ಹಿಂಸೆಯಲ್ಲ.

ಲೈನಿಂಗಿನಲ್ಲಿ ಕಂಜೂಸಿತನ ಹೆಚ್ಚು. ಹೊರಬಟ್ಟೆ 3 ಮೀಟರ್ ಅರಳುತ್ತಿದ್ದರೂ ಒಳಗೆ ಎರಡೇ ತುಂಡಿನ ಕಿರಿದಾದ ಲೈನಿಂಗ್ ಹಾಕಿರುತ್ತಾರೆ. ನಿಂತಾಗ ಗೊತ್ತಾಗುವುದಿಲ್ಲ, ಛತ್ರದ ಮೆಟ್ಟಿಲು ಹತ್ತುವಾಗ ಮೊಣಕಾಲಿಗೆ ಅಡ್ಡಬಂದು ಹೊಲಿಗೆ ಕಿತ್ತುಬರುತ್ತದೆ. ಟ್ರಯಲ್‌ನಲ್ಲಿ ಲೆಹೆಂಗಾ ಉಟ್ಟು ಒಂದು ಕುರ್ಚಿಯ ಮೇಲೆ ಕಾಲಿಟ್ಟು ನೋಡಿದರೆ ಅಲ್ಲೇ ತಿಳಿಯುತ್ತದೆ. ಬಟ್ಟೆಯ ವಿಷಯದಲ್ಲಿ, ಕ್ರೇಪ್, ಸಾಟಿನ್ ಜಾರುತ್ತವೆ, ನಡಿಗೆಗೆ ಹಗುರ, ಆದರೆ ಬೇಸಿಗೆಯ ಮದುವೆಯಲ್ಲಿ ಬೆವರು ಹೀರುವುದಿಲ್ಲ. ಹತ್ತಿ ಲೈನಿಂಗ್ ತಂಪು. ಹೊಲಿಯುವ ಮೊದಲು ನೀರಲ್ಲಿ ನೆನೆಸಿ ಒಣಗಿಸಲೇಬೇಕು, ಇಲ್ಲವಾದರೆ ಒಂದೇ ಒಗೆತಕ್ಕೆ ಕುಗ್ಗಿ ಹೊರಬಟ್ಟೆಯನ್ನು ಮೇಲಕ್ಕೆ ಎಳೆದು ಸುಕ್ಕು ಮಾಡುತ್ತದೆ. ನನ್ನ ಸಲಹೆ ಕೇಳಿದರೆ, ಲೈನಿಂಗನ್ನು ಹತ್ತಿಯಲ್ಲಿ ಹಾಕಿಸಿ, ಕ್ಯಾನ್‌ಕ್ಯಾನನ್ನು ಬೇರೆಯೇ ಒಂದು ಒಳಲಂಗವಾಗಿ ಲಾಡಿ ಕಟ್ಟುವಂತೆ ಹೊಲಿಸಿ. ಆರತಕ್ಷತೆಗೆ ಕಟ್ಟಿಕೊಳ್ಳಬಹುದು, ಮುಂದೆ ತಂಗಿಯ ಮಗುವಿನ ನಾಮಕರಣಕ್ಕೋ ಗೃಹಪ್ರವೇಶಕ್ಕೋ ಅದೇ ಲೆಹೆಂಗಾವನ್ನು ಅದಿಲ್ಲದೆ ಉಡಬಹುದು. ಸ್ಕೂಟರಿನ ಹಿಂದೆ ಕೂತು ಛತ್ರಕ್ಕೆ ಹೋಗುವವರಂತೂ ಕ್ಯಾನ್‌ಕ್ಯಾನನ್ನು ಚೀಲದಲ್ಲಿ ಒಯ್ದು ಅಲ್ಲೇ ಕಟ್ಟಿಕೊಳ್ಳಬೇಕು. ಅರಳಿದ ಅಂಚು ಚಕ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಸಂಚಕಾರ.

ಕೆಳ ಅಂಚಿನ ಒಳಗೆ ಮೂರು ನಾಲ್ಕು ಇಂಚಿನ ಕ್ಯಾನ್ವಾಸ್ ಪಟ್ಟಿ ಇದ್ದರೆ ಅಂಚು ಕಾಲಿಗೆ ಸುತ್ತಿಕೊಳ್ಳದೆ ದುಂಡಗೆ ನಿಲ್ಲುತ್ತದೆ. ಸೊಂಟಪಟ್ಟಿಗೂ ಕ್ಯಾನ್ವಾಸ್ ಬೇಕು. ಭಾರದ ಲೆಹೆಂಗಾವನ್ನು ಬರೀ ಲಾಡಿಯ ಮೇಲೆ ನಿಲ್ಲಿಸಿದರೆ ಸೊಂಟದ ಸುತ್ತ ಬರೆ ಏಳುತ್ತದೆ. ಅಗಲದ ಪಟ್ಟಿ, ಬದಿಯಲ್ಲಿ ಜಿಪ್ಪು, ಎರಡು ಹುಕ್ಕು, ಅದರ ಜೊತೆಗೆ ಲಾಡಿ. ಭಾರ ಹೊರುವುದು ಪಟ್ಟಿ, ಲಾಡಿ ಬಿಗಿಮಾಡಲು ಮತ್ತು ಕುಚ್ಚಿನ ಚಂದಕ್ಕೆ. ಉದ್ದ ಅಳೆಯುವಾಗ ಆ ದಿನ ಹಾಕುವ ಚಪ್ಪಲಿಯನ್ನೇ ಹಾಕಿ, ಪಟ್ಟಿ ಕೂರುವ ಜಾಗದಿಂದ ನೆಲಕ್ಕೆ ಅಳೆದು ಅರ್ಧ ಇಂಚು ಕಳೆಯಿರಿ.

ಬ್ಲೌಸಿನ ವಿಷಯಕ್ಕೆ ಬರೋಣ. ಕೆಟಲಾಗಿನಲ್ಲಿ ಅದನ್ನೇ ಚೋಲಿ ಎನ್ನುತ್ತಾರೆ. ಚೀಟಿಯಲ್ಲಿ ಬ್ಯಾಂಗ್ಲೋರಿ ಸಿಲ್ಕ್ ಎಂದಿದ್ದರೆ ನಮ್ಮ ಊರಿನ ರೇಷ್ಮೆ ಎಂದು ಮೋಸಹೋಗಬೇಡಿ. ಸೂರತ್ತಿನ ಜವಳಿ ವ್ಯಾಪಾರದಲ್ಲಿ ಆ ಹೆಸರು ಹೊತ್ತು ಬರುವುದು ಸಾಮಾನ್ಯವಾಗಿ ಪಾಲಿಯೆಸ್ಟರಿನ ಆರ್ಟ್ ಸಿಲ್ಕ್. ನಿಜವಾದ ರೇಷ್ಮೆಯಾದರೆ ಸಿಲ್ಕ್ ಮಾರ್ಕ್ ಲೇಬಲ್ ಇದೆಯೇ ಕೇಳಿ. ಹೊಸೂರು ರಸ್ತೆಯಲ್ಲಿ ಎಲ್ಲರಿಗೂ ಟ್ರಾಫಿಕ್ಕಿನಿಂದ ಪರಿಚಯವಿರುವ ಸಿಲ್ಕ್ ಬೋರ್ಡ್, ಅಂದರೆ ಕೇಂದ್ರ ರೇಷ್ಮೆ ಮಂಡಳಿ, 2004ರಲ್ಲಿ ತಂದ ಗುರುತು ಅದು. ಮನೆಯಲ್ಲಿ ಪರೀಕ್ಷಿಸುವುದಾದರೆ ಒಂದು ಎಳೆ ಕಿತ್ತು ಸುಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆರ್ಟ್ ಸಿಲ್ಕ್ ಕೊಳ್ಳಬಾರದೆಂದಲ್ಲ, ರೇಷ್ಮೆಯ ಬೆಲೆ ಕೊಡಬಾರದು.

0.8 ಮೀಟರ್ ಎಂದರೆ ಮೂವತ್ತೊಂದೂವರೆ ಇಂಚು. 44 ಇಂಚಿನ ಪನ್ನದಲ್ಲಿ ಮುಂಭಾಗ, ಬೆನ್ನು ಎರಡೂ ಒಂದೇ ಸಾಲಿನಲ್ಲಿ 16 ಇಂಚು ಎತ್ತರದಲ್ಲಿ ಬರುತ್ತವೆ. ಉಳಿದ ಹದಿನೈದೂವರೆ ಇಂಚಿನಲ್ಲಿ ಎರಡು ತೋಳು. ಮೊಣಕೈವರೆಗಿನ ತೋಳಿಗೆ ಇದು ಸಾಕು, ತ್ರೀ ಫೋರ್ತ್ ತೋಳಿಗೆ ಸಾಲದು. ಎದೆಯ ಸುತ್ತಳತೆ 36 ಇದ್ದರೆ, ಸಡಿಲಕ್ಕೆ 2 ಇಂಚು, ಎರಡೂ ಬದಿಯ ಜೋಡಣೆಯಲ್ಲಿ ಮುಂದೆ ಹಿಂದೆ ಒಂದೂವರೆ ಇಂಚಿನ ಮಾರ್ಜಿನ್‌ಗೆ ಒಟ್ಟು 6 ಇಂಚು ಸೇರಿ 44, ಪನ್ನಕ್ಕೆ ಸರಿಸಮ. ಅದಕ್ಕಿಂತ ದಪ್ಪವಿದ್ದವರಿಗೆ ಕಡಿತವಾಗುವುದು ಮಾರ್ಜಿನ್, ಮುಂದೆ ಬಿಡಿಸಿಕೊಳ್ಳಲು ಏನೂ ಉಳಿಯುವುದಿಲ್ಲ. ಅಂಥವರು ಮೊದಲೇ ಅದೇ ಬಣ್ಣದ ಒಂದು ಮೀಟರ್ ಬಟ್ಟೆ ಬೇರೆ ತೆಗೆದುಕೊಂಡು, ಸೆಟ್ಟಿನ ಕಸೂತಿ ಭಾಗವನ್ನು ಮುಂಭಾಗಕ್ಕೂ ತೋಳಿಗೂ ಬಳಸಿಸುವುದು ಒಳ್ಳೆಯದು. ಕುತ್ತಿಗೆಯ ಸುತ್ತ ಮೊದಲೇ ಕಸೂತಿ ಹಾಕಿದ ಪೀಸಿನಲ್ಲಿ ಕತ್ತಿನ ಆಳವನ್ನು ಬದಲಾಯಿಸಲು ಆಗುವುದಿಲ್ಲ ಎಂಬುದೂ ಗೊತ್ತಿರಲಿ; ಇಷ್ಟದ ಆಳ ಬೇಕಿದ್ದರೆ ಪೀಸನ್ನು ಮೈಗೆ ಹಿಡಿದು ನೋಡಿಯೇ ಆರಿಸಿ.

ಕೊನೆಯದು ದುಪಟ್ಟಾ. ಹೆಗಲ ಮೇಲೆ ನೆರಿಗೆ ಮಾಡಿ ಇಳಿಬಿಡುವುದಾದರೆ 2.4 ಮೀಟರ್ ಧಾರಾಳ. ನಮ್ಮ ಕಡೆ ಬಹಳ ಜನ ಅದನ್ನು ದಾವಣಿಯಂತೆ ಉಡಿಸುತ್ತಾರೆ: ಒಂದು ತುದಿ ಸೊಂಟಕ್ಕೆ ಸಿಕ್ಕಿಸಿ, ಸುತ್ತಿ ತಂದು, ಎದೆಯ ಮೇಲಿಂದ ಎಡ ಹೆಗಲಿಗೆ ಏರಿಸಿ ಸೆರಗು ಬಿಡುವುದು. ಸೊಂಟದ ಸುತ್ತು, ಹೆಗಲಿಗೆ ಏರುವ ಓರೆ ಹಾದಿ ಇವೆರಡಕ್ಕೇ ಬಹುಪಾಲು ಬಟ್ಟೆ ಹೋಗುತ್ತದೆ, ಮೈಕಟ್ಟು ದೊಡ್ಡದಿದ್ದರೆ ಇನ್ನೂ ಹೆಚ್ಚು. ಉಳಿದದ್ದರಲ್ಲಿ ಸೆರಗು ಮೊಣಕಾಲಿನವರೆಗೆ ಬರುವುದೂ ಅನುಮಾನ. ದಾವಣಿಯಂತೆ ಉಡುವ ಆಲೋಚನೆ ಇದ್ದರೆ ಮೂರು ಮೀಟರ್ ಹತ್ತಿರ ಇರುವುದನ್ನೇ ಕೇಳಿ, ಅಂಚಿನ ಲೇಸು ಎರಡೇ ಬದಿಗೆ ಇದೆಯೋ ನಾಲ್ಕೂ ಬದಿಗೆ ಇದೆಯೋ ನೋಡಿ. ಸೊಂಟಕ್ಕೆ ಸಿಕ್ಕಿಸುವ ತುದಿಗೆ ದಪ್ಪ ಲೇಸು ಇದ್ದರೆ ಅದು ಉಬ್ಬಿ ನಿಲ್ಲುತ್ತದೆ, ಅಲ್ಲಿಂದ ಬಿಡಿಸಿ ತೆಗೆಸುವುದೇ ವಾಸಿ. ನೆಟ್ ದುಪಟ್ಟಾಕ್ಕೆ ಕಲ್ಲಿನ ಕೆಲಸದ ಭಾರವಿದ್ದಾಗ ಒಂಟಿ ಪಿನ್ನು ನೆಟ್ಟಿನ ಕಣ್ಣುಗಳನ್ನು ಹರಿದುಬಿಡುತ್ತದೆ. ಹೆಗಲ ಮೇಲೆ ಬರುವ ನೆರಿಗೆಗಳ ಹಿಂಭಾಗಕ್ಕೆ ಅದೇ ಬಣ್ಣದ ಎರಡು ಇಂಚಿನ ಬಟ್ಟೆಯ ತುಂಡು ಕೈಹೊಲಿಗೆ ಹಾಕಿಸಿ, ಪಿನ್ನನ್ನು ಆ ತುಂಡಿನ ಮೂಲಕ ಬ್ಲೌಸಿನ ಹೆಗಲ ಜೋಡಣೆಗೆ ಚುಚ್ಚಿ.